ವೇದಿಕೆಯ ಮೇಲೆ 'ಇವನು' ಯಾರು, 'ಇವರು' ಯಾರು?

ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ಕಲಾವಿದರನ್ನು ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವೇದಿಕೆಯ ಮೇಲೆ ಮೂವರು: ಊರಿನಿಂದ ಮಗನ ಮನೆಗೆ ಬಂದಿದ್ದ, 70 ದಾಟಿದ ಪಿಟೀಲು ವಿದ್ವಾಂಸರು, ಮೃದಂಗ ನುಡಿಸುವ ನನ್ನ ಕಾಲೇಜು ಗೆಳೆಯ, ಹಾಡಲಿದ್ದ 12 ವರ್ಷದ ಹುಡುಗಿ. ವಿದ್ವಾಂಸರ ಪರಿಚಯ ಸುಸೂತ್ರವಾಗಿ ಮುಗಿಯಿತು. ಗೆಳೆಯನ ಸರದಿ ಬಂದಾಗ ಅಭ್ಯಾಸಬಲದಿಂದ, "ಇವನು 20 ವರ್ಷದಿಂದ ಮೃದಂಗ ನುಡಿಸುತ್ತಿದ್ದಾನೆ" ಎಂದುಬಿಟ್ಟೆ. ಅವನು ನಕ್ಕ; ಮುಂದಿನ ಸಾಲಿನಲ್ಲಿದ್ದ ಅವನ ಮಾವನವರು ನಗಲಿಲ್ಲ. ಆ ಗಾಬರಿಯಲ್ಲಿ ಹುಡುಗಿಗೆ, "ಇವರು ಆರನೆಯ ತರಗತಿಯಲ್ಲಿ ಓದುತ್ತಿದ್ದಾರೆ" ಎಂದೆ. ಸಭೆಯೆಲ್ಲ ನಕ್ಕಿತು, ಮಗು ತಲೆ ತಗ್ಗಿಸಿತು.

ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಹಿರಿಯ ಪ್ರಾಧ್ಯಾಪಕರನ್ನೂ ಹೆಸರು ಹಿಡಿದೇ ಕರೆಯುತ್ತೇವೆ. ಇಂಗ್ಲಿಷಿನ ಕ್ರಿಯಾಪದ ಯಾರ ಅಂತಸ್ತನ್ನೂ ಕೇಳುವುದಿಲ್ಲ. ಕನ್ನಡದಲ್ಲಿ ಹಾಗಲ್ಲ. ಹೆಸರಿನ ಮುಂದೆ 'ಶ್ರೀ' ಹಚ್ಚಿದರೂ ವಾಕ್ಯದ ಕೊನೆಯಲ್ಲಿ 'ಆನೆ'ಯೋ 'ಆರೆ'ಯೋ ಎಂದು ತೀರ್ಮಾನಿಸಲೇಬೇಕು.

ನನ್ನ ಅಭಿಪ್ರಾಯ ಇಷ್ಟು: ವೇದಿಕೆಯಲ್ಲಿ ನಾವು ಮಾತನಾಡುವುದು ಗೆಳೆಯನೊಡನೆ ಅಲ್ಲ, ಸಭೆಯೊಡನೆ. ಆದ್ದರಿಂದ ನಮ್ಮ ಸಲಿಗೆ ಅಲ್ಲಿ ಲೆಕ್ಕಕ್ಕಿಲ್ಲ. ವಯಸ್ಕರೆಲ್ಲರಿಗೂ, ಗೆಳೆಯನಾಗಲಿ, ತಮ್ಮನಾಗಲಿ, ಸ್ವಂತ ಹೆಂಡತಿಯಾಗಲಿ, ಬಹುವಚನವೇ ಸರಿ. ಮನೆಯಲ್ಲಿ "ಅಮ್ಮ ಬಂದಳು" ಎನ್ನುವವರೂ ವೇದಿಕೆಯಲ್ಲಿ "ನಮ್ಮ ತಾಯಿಯವರು ಬಂದಿದ್ದಾರೆ" ಎನ್ನುತ್ತಾರಲ್ಲವೆ? ಮಕ್ಕಳಿಗೆ ಮಾತ್ರ ಏಕವಚನ ಇರಲಿ, ಅದರಲ್ಲಿರುವುದು ಅಕ್ಕರೆ. 'ಇವಳು' ಒರಟೆನಿಸಿದರೆ 'ಈಕೆ' ಇದೆ, ಹುಡುಗನಿಗೆ 'ಈತ' ಇದೆ. 17-18ರ ಹರೆಯದವರ ವಿಷಯದಲ್ಲಿ ಅನುಮಾನ ಬಂದರೆ ಬಹುವಚನದ ಕಡೆಗೇ ವಾಲುವುದು ಕ್ಷೇಮ.

ಹಾಗಾದರೆ ಗೆಳೆಯನಿಗೂ ವಿದ್ವಾಂಸರಿಗೂ ಭೇದವೇ ಇಲ್ಲವೆ ಎಂದು ಕೇಳಬಹುದು. ಕ್ರಿಯಾಪದದಲ್ಲಿ 'ಆರೆ'ಗಿಂತ ಮೇಲಿನ ಮೆಟ್ಟಿಲಿಲ್ಲ. ಹಿರಿತನವನ್ನು ಬೇರೆ ಕಡೆ ತೋರಿಸಬೇಕು: ಮೊದಲು ಅವರ ಹೆಸರು, ಹೆಸರಿನ ಕೊನೆಗೆ 'ಅವರು', ಆಹ್ವಾನದ ಮಾತಿನಲ್ಲಿ "ದಯಮಾಡಿಸಬೇಕು". ಗೆಳೆಯನಿಗೆ "ಬನ್ನಿ" ಸಾಕು. ಮಗುವಿಗೆ "ಬಾಮ್ಮ". ಮೂವರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ "ಈಗ ಕಛೇರಿ ನಡೆಸಿಕೊಡಲಿದ್ದಾರೆ" ಎಂದರೆ ತೊಡಕೇ ಇಲ್ಲ. ಅಲ್ಲಿ ಬಹುವಚನ ನಿಜವಾಗಿಯೂ ಬಹುವಚನವೇ.

ನಾಲಿಗೆ ಜಾರುವುದು ಹೆಚ್ಚಾಗಿ ಉದ್ದ ವಾಕ್ಯಗಳಲ್ಲಿ: 'ಇವರು' ಎಂದು ಹೊರಟು 'ಆನೆ' ಎಂದು ಮುಗಿಸುತ್ತೇವೆ. ಅದು ನೇರ ಏಕವಚನಕ್ಕಿಂತಲೂ ಕೆಟ್ಟದ್ದು; ತೋರಿಸಿದ ಮರ್ಯಾದೆಯನ್ನು ಹಿಂದಕ್ಕೆ ಕಿತ್ತುಕೊಂಡಂತೆ ಕೇಳಿಸುತ್ತದೆ. ರಾಜ್ಯೋತ್ಸವಕ್ಕೆ ನಿರೂಪಣೆ ಮಾಡುವವರು ಚೀಟಿಯಲ್ಲಿ ಹೆಸರಿನ ಪಕ್ಕ ಕ್ರಿಯಾಪದವನ್ನೂ ಬರೆದುಕೊಳ್ಳಲಿ. ನನ್ನ ಚೀಟಿಯಲ್ಲಿ ಹೆಸರುಗಳಷ್ಟೇ ಇದ್ದವು.