ಗ್ಲೌಸ್ ಇಲ್ಲದ ಕೈ ಯಾರದ್ದು?

ಕಳೆದ ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋದಾಗ, ಮಾವನ ಪರಿಚಯದವರೊಬ್ಬರು ಹೊಸದಾಗಿ ಡಯಾಗ್ನೋಸ್ಟಿಕ್ ಸೆಂಟರ್ ತೆರೆಯೋ ಗಡಿಬಿಡಿಯಲ್ಲಿದ್ದರು. "ಇಂಜಿನಿಯರಿಂಗ್ ಓದ್ತಿದ್ದೀಯಲ್ಲಪ್ಪ, ಒಂದು ವೆಬ್‌ಸೈಟ್ ಮಾಡಿಕೊಡು" ಅಂದರು. ನಮಗೇನು, ಪುಕ್ಕಟೆ ಫೋಟೋ ಸಿಗೋ ಜಾಗ ಗೊತ್ತಿತ್ತು. ಒಂದೇ ರಾತ್ರಿಯಲ್ಲಿ ಮುಗಿಸಿಬಿಟ್ಟೆ. ಎಲ್ಲೆಲ್ಲೂ ಬಿಳಿ, ತಿಳಿನೀಲಿ, ಥಳಥಳ ಹೊಳೆಯೋ ನೆಲ. ಮಾಲೀಕರಿಗೆ ಖುಷಿಯೋ ಖುಷಿ.

ಆದರೆ ಅಲ್ಲಿ ಕೆಲಸಕ್ಕೆ ಸೇರಿದ್ದ ಲ್ಯಾಬ್ ಟೆಕ್ನಿಷಿಯನ್ ಅಕ್ಕ ಮೊದಲ ಚಿತ್ರ ನೋಡಿ ನಕ್ಕುಬಿಟ್ಟರು. "ಈ ಕೈಗೆ ಗ್ಲೌಸ್ ಎಲ್ಲಪ್ಪ? ಟ್ಯೂಬಿಗೆ ಮುಚ್ಚಳ ಯಾಕಿಲ್ಲ? ಸೂಜಿ ಟೇಬಲ್ ಮೇಲೆ ಯಾಕೆ ಬಿದ್ದಿದೆ?"

ನಾನು ಹಾಕಿದ್ದು ಯಾರೋ ಬರಿಗೈಯಲ್ಲಿ ರಕ್ತದ ಟ್ಯೂಬ್ ಎತ್ತಿ ಹಿಡಿದ ಚಿತ್ರ. ನೋಡೋಕೆ ಚೆನ್ನಾಗಿತ್ತು, ಆದರೆ ಹಾಗೆ ಯಾವ ಲ್ಯಾಬಿನಲ್ಲೂ ಮಾಡಬಾರದು. ಅಕ್ಕ ಹೇಳಿದ ಮೇಲೆ ಗೊತ್ತಾಯ್ತು, ಟ್ಯೂಬಿನ ಮುಚ್ಚಳದ ಬಣ್ಣ ಅಲಂಕಾರಕ್ಕಲ್ಲ ಅಂತ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇ.ಡಿ.ಟಿ.ಎ. ಇರುತ್ತೆ. ಅದು ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟು ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತೆ, ಹಾಗಾಗಿ ರಕ್ತಕಣಗಳ ಎಣಿಕೆಗೆ ಅದೇ ಬೇಕು. ಬೂದು ಮುಚ್ಚಳದ್ದರಲ್ಲಿ ಫ್ಲೋರೈಡ್ ಇರುತ್ತೆ. ರಕ್ತಕಣಗಳು ಟ್ಯೂಬಿನೊಳಗೂ ಸಕ್ಕರೆ ತಿನ್ನುತ್ತಾ ಹೋಗ್ತವೆ, ಅದನ್ನು ತಡೆಯೋಕೆ. ಶುಗರ್ ಟೆಸ್ಟಿನ ಪಕ್ಕದಲ್ಲಿ ನಾನು ಜೋಡಿಸಿದ್ದು ನೇರಳೆ ಟ್ಯೂಬು! ಗೊತ್ತಿರುವವರಿಗೆ ಅಲ್ಲೇ ನಂಬಿಕೆ ಹೋಯ್ತು.

ಸೂಜಿಯದ್ದು ಇನ್ನೂ ದೊಡ್ಡ ತಪ್ಪು. ಬಳಸಿದ ಸೂಜಿಯನ್ನು ಟೇಬಲ್ ಮೇಲೆ ಇಡಬಾರದು, ಮತ್ತೆ ಕ್ಯಾಪ್ ಹಾಕಲೂ ಹೋಗಬಾರದು. ಕ್ಯಾಪ್ ಹಾಕುವಾಗಲೇ ಬೆರಳಿಗೆ ಚುಚ್ಚಿ ಹೆಪಟೈಟಿಸ್ ಬಿ, ಎಚ್.ಐ.ವಿ.ಯಂಥ ಸೋಂಕು ತಗಲುವ ಅಪಾಯ ಇರೋದು. ಅದು ನೇರವಾಗಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹೋಗಬೇಕು. ನಮ್ಮ ದೇಶದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲೇ ಇದು ಇದೆ.

ಎರಡನೇ ಪುಟದಲ್ಲಿ ಎಂ.ಆರ್.ಐ. ಯಂತ್ರದ ಚಿತ್ರ ಇತ್ತು, ಪಕ್ಕದಲ್ಲೇ ಉಕ್ಕಿನ ಆಕ್ಸಿಜನ್ ಸಿಲಿಂಡರ್. 1.5 ಟೆಸ್ಲಾ ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಸೂಪರ್‌ಕಂಡಕ್ಟಿಂಗ್ ಸುರುಳಿ ಆಗಿರೋದರಿಂದ ಸ್ಕ್ಯಾನ್ ನಡೆಯದೆ ಇದ್ದಾಗಲೂ ಆ ಅಯಸ್ಕಾಂತ ಎಚ್ಚರವಾಗೇ ಇರುತ್ತೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ, ರೋಗಿಯ ಸಂಬಂಧಿಯೊಬ್ಬರು ಸಿಲಿಂಡರ್ ಹಿಡಿದು ಎಂ.ಆರ್.ಐ. ಕೋಣೆಗೆ ಹೋಗಿ ಪ್ರಾಣ ಕಳೆದುಕೊಂಡರು. ಫಿಸಿಕ್ಸ್ ಓದಿದ ನನಗೇ ಆ ಚಿತ್ರದಲ್ಲಿ ತಪ್ಪು ಕಾಣಲಿಲ್ಲ. ಅದಕ್ಕಿಂತ ತಮಾಷೆ ಅಂದರೆ, ಆ ಸೆಂಟರಿನಲ್ಲಿ ಎಂ.ಆರ್.ಐ. ಇರಲೇ ಇಲ್ಲ!

"ಅಯ್ಯೋ, ಇದು ಬರೀ ಡಿಸೈನ್ ಕಣೋ, ಯಾರು ಅಷ್ಟು ನೋಡ್ತಾರೆ?" ಅಂತ ನನ್ನ ರೂಮ್‌ಮೇಟ್ ಕೇಳಿದ. ನನ್ನ ಉತ್ತರ ಇಷ್ಟೇ. ಮೊದಲ ಸಲ ರಕ್ತ ಕೊಡೋಕೆ ಹೋಗುವ ಅಜ್ಜಿಗೆ ಅಲ್ಲಿ ಹೇಗಿರಬೇಕು ಅಂತ ಯಾರೂ ಹೇಳಿಕೊಟ್ಟಿರಲ್ಲ. ಗೋಡೆ ಮೇಲಿನ ಪೋಸ್ಟರೇ ಅವರಿಗೆ ಪಾಠ. ಚಿತ್ರದಲ್ಲಿ ಬರಿಗೈ ನೋಡಿದವರು, ನಾಳೆ ಎದುರಿಗೆ ಬರಿಗೈ ಬಂದರೂ "ಗ್ಲೌಸ್ ಹಾಕ್ಕೊಳ್ಳಿ" ಅಂತ ಕೇಳಲ್ಲ. ನಾವು ಹಾಕುವ ಚಿತ್ರ ರೋಗಿಯ ಪ್ರಶ್ನೆಯನ್ನೇ ಕಿತ್ತುಕೊಳ್ಳಬಹುದು.

ಕೊನೆಗೆ ಎಲ್ಲ ಅಳಿಸಿ, ಉದ್ಘಾಟನೆಗೆ ಮುಂಚೆ ಒಂದು ಬೆಳಿಗ್ಗೆ ಫೋನಿನಲ್ಲೇ ಫೋಟೋ ತೆಗೆದೆವು. ಕೈ ಚಾಚಿ ಕೂತಿದ್ದು ನನ್ನ ತಮ್ಮ. ಅಕ್ಕ ಗ್ಲೌಸ್ ಹಾಕಿಕೊಂಡು, ಮೊಣಕೈ ಮಡಿಕೆಯಿಂದ ನಾಲ್ಕು ಬೆರಳು ಮೇಲೆ ಪಟ್ಟಿ ಕಟ್ಟಿದರು. ಒಂದು ನಿಮಿಷದೊಳಗೆ ಬಿಚ್ಚಿಯೂ ಬಿಟ್ಟರು, ಫೋಟೋಗೆ ಅಂತ ಹೆಚ್ಚು ಹೊತ್ತು ಬಿಡಲಿಲ್ಲ. ಸೂಜಿ ಚುಚ್ಚುವ ದೃಶ್ಯವೇ ಬೇಡ ಅಂದುಕೊಂಡೆವು. ಸ್ಟ್ಯಾಂಡಿನಲ್ಲಿ ಮುಚ್ಚಳ ಹಾಕಿದ ಖಾಲಿ ಟ್ಯೂಬುಗಳು, ಕೈಗೆ ಎಟುಕುವಲ್ಲಿ ಬಿಳಿ ಡಬ್ಬಿ, ಕಿಟಕಿಯಿಂದ ಬೆಳಕು. ನಾನು ಮನಸ್ಸಿಗೆ ಬಂದ ಅಂಕಿ ತುಂಬಿ ಮಾಡಿದ್ದ ಮಾದರಿ ರಿಪೋರ್ಟನ್ನೂ ತೆಗೆದೆ. ಅದರಲ್ಲಿ ಹಿಮೋಗ್ಲೋಬಿನ್ 31 ಅಂತ ಹಾಕಿದ್ದೆ, ವಯಸ್ಕ ಗಂಡಸರಲ್ಲಿ ಅದು ಸುಮಾರು 13ರಿಂದ 17 ಇರುತ್ತೆ! ಹಾಗಂತ ನಿಜವಾದ ರೋಗಿಯ ರಿಪೋರ್ಟ್ ಹಾಕೋದೂ ತಪ್ಪೇ, ಅದು ಅವರ ಸ್ವಂತ ವಿಷಯ.

ಗೋಡೆಯ ಬಣ್ಣ ಸ್ವಲ್ಪ ಮಾಸಿದ ಹಾಗೆ ಕಾಣುತ್ತೆ. ಆದರೆ ಫೋಟೋದಲ್ಲಿ ಕಂಡ ಕುರ್ಚಿಯೇ ಒಳಗೆ ಹೋದವರಿಗೂ ಸಿಗುತ್ತೆ. ನಮ್ಮ ಕ್ಯಾಂಪಸ್ಸಿನ ಮುಂದಿನ ರಕ್ತದಾನ ಶಿಬಿರಕ್ಕೆ ಪೋಸ್ಟರ್ ಮಾಡುವವರು, ಪ್ರಿಂಟಿಗೆ ಕೊಡುವ ಮುಂಚೆ ರಕ್ತ ತೆಗೆಯುವವರೊಬ್ಬರಿಗೆ ಒಮ್ಮೆ ತೋರಿಸಿ. ಹತ್ತು ಸೆಕೆಂಡ್ ಸಾಕು, ಅವರು ನಗ್ತಾರೋ ಇಲ್ಲವೋ ಅಂತ ನೋಡಿ.