ಬುಕ್ ಮಾಡೋ ಮೊದಲು ಎರಡು ತಾರೀಖು

ನಮ್ಮಲ್ಲಿ ಅನೇಕರ ಮನೆಯಿಂದ ಬರೋ ಫೋನಲ್ಲಿ ಈಗ ಒಂದೇ ಮಾತು: "ಸರ್ಜಾಪುರ ರಸ್ತೇಲಿ ಹೊಸ ಅಪಾರ್ಟ್‌ಮೆಂಟ್ ಏಳ್ತಿದೆ, ಈಗಲೇ ಬುಕ್ ಮಾಡಿದ್ರೆ ಅಗ್ಗ." ಅಪ್ಪ-ಅಮ್ಮ ಬ್ರೋಷರ್ ನೋಡ್ತಾರೆ. ದೂರದಲ್ಲಿರೋ ನಾವು ಕರ್ನಾಟಕ ರೇರಾ ವೆಬ್‌ಸೈಟ್ ನೋಡಬೇಕು.

ರೇರಾ ನೋಂದಣಿ ಸಂಖ್ಯೆ ಇದ್ದರೆ ಸಾಕು ಅಂದ್ಕೋಬಾರದು; ಮನೆ ಸಮಯಕ್ಕೆ ಸಿಗುತ್ತೆ ಅನ್ನೋ ಖಾತ್ರಿ ಅದಲ್ಲ. ಅದೇ ಬಿಲ್ಡರ್‌ನ ಹಳೇ ಯೋಜನೆಗಳನ್ನು ಹುಡುಕಿ, ಮುಗಿಸ್ತೀವಿ ಅಂತ ಮೊದಲು ಕೊಟ್ಟ ತಾರೀಖು ಮತ್ತು ಆಮೇಲೆ ಮುಂದೂಡಿದ ತಾರೀಖು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ನಮ್ಮ ಗೆಳೆಯನ ತಂದೆಗೆ 80 ಲಕ್ಷದ ಫ್ಲ್ಯಾಟಿಗೆ 16 ಲಕ್ಷ ಮುಂಗಡ ಕೇಳಿದ್ರು. ಮಾರಾಟದ ಕರಾರು ನೋಂದಣಿ ಆಗೋ ಮೊದಲು ಶೇಕಡಾ 10ಕ್ಕಿಂತ, ಅಂದ್ರೆ ಇಲ್ಲಿ 8 ಲಕ್ಷಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ ಅಂತ 2016ರ ರೇರಾ ಕಾಯ್ದೆ ಹೇಳುತ್ತೆ. ಅದನ್ನು ಹೇಳಿದ್ದಕ್ಕೆ "ಕರಾರು ಆಮೇಲೆ ನೋಡೋಣ ಸಾರ್" ಅಂದ್ರು. ಹಿಂದಿನ ಎರಡು ಯೋಜನೆಗಳೂ ಎರಡೆರಡು ವರ್ಷ ತಡವಾಗಿದ್ವು. ಅಂಕಲ್ ವಾಪಸ್ ಬಂದ್ರು.

ತಡವಾದರೆ ಹಣ ಬಡ್ಡಿ ಸಮೇತ ವಾಪಸ್ ಕೇಳಬಹುದು, ಇಲ್ಲವೇ ಮನೆ ಉಳಿಸಿಕೊಂಡು ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು, ನಿಜ. ಆದರೆ ಆದೇಶ ಬಂದಮೇಲೂ ಅದು ಕೈಗೆ ಬರೋಕೆ ಕಾಲ ಹಿಡಿಯಬಹುದು. ಅಲ್ಲೀತನಕ 30 ಸಾವಿರ ಬಾಡಿಗೆ ಅಂದ್ರೆ ಎರಡು ವರ್ಷಕ್ಕೆ 7.2 ಲಕ್ಷ; ಜೊತೆಗೆ ಗೃಹಸಾಲದ ಬಡ್ಡಿ, ನಮ್ಮ ಓದಿನ ಸಾಲ. ಅಷ್ಟನ್ನು ತಡೆಯೋ ಶಕ್ತಿ ಮನೆಯಲ್ಲಿಲ್ಲದಿದ್ದರೆ, ನಾಲ್ಕು ಲಕ್ಷ ಹೆಚ್ಚಾದರೂ ಕಟ್ಟಿ ಮುಗಿಸಿದ ಮನೆಯೇ ಅಗ್ಗ ಅನ್ನೋದು ನಮ್ಮ ಅಭಿಪ್ರಾಯ.