ಬಾಗುವ ಶಿರ, ಹರಸುವ ಕರ

ಬಾಹುಬಲಿಯ ತಪಸ್ಸಿನ ಕಥೆಯನ್ನು ಜೈನ ಪರಂಪರೆಯ ಎರಡು ಶಾಖೆಗಳು ಎರಡು ಬಗೆಯಾಗಿ ಹೇಳುತ್ತವೆ. ಒಂದು ವರ್ಷ ನಿಂತ ನಿಲುವಿನಲ್ಲೇ ಇದ್ದರೂ ಆತನಿಗೆ ಕೇವಲಜ್ಞಾನ ಏಕೆ ಲಭಿಸಲಿಲ್ಲ? ತನಗಿಂತ ಮೊದಲೇ ದೀಕ್ಷೆ ಪಡೆದ 98 ಮಂದಿ ತಮ್ಮಂದಿರಿಗೆ ವಂದಿಸಬೇಕಾದೀತೆಂಬ ಅಭಿಮಾನವೇ ಅಡ್ಡಿಯಾಗಿತ್ತು ಎನ್ನುತ್ತದೆ ಶ್ವೇತಾಂಬರ ಪರಂಪರೆ. ಆನೆಯಿಂದ ಕೆಳಗಿಳಿಯೆಂದು ಸೋದರಿಯರಾದ ಬ್ರಾಹ್ಮಿ, ಸುಂದರಿಯರು ಎಚ್ಚರಿಸಿದಾಗ ಆತ ವಂದಿಸಲೆಂದು ಹೆಜ್ಜೆ ಎತ್ತಿದ. ಆ ಕ್ಷಣವೇ ಕೇವಲಜ್ಞಾನ ಉದಯಿಸಿತು. ದಿಗಂಬರ ಪರಂಪರೆಯಲ್ಲಿ ಜಿನಸೇನಾಚಾರ್ಯರು ಹೇಳುವುದು ಬೇರೆ. ತನ್ನಿಂದ ಅಣ್ಣ ಭರತನಿಗೆ ನೋವಾಯಿತೆಂಬ ಸಣ್ಣ ಮುಳ್ಳು ಬಾಹುಬಲಿಯ ಹೃದಯದಲ್ಲಿತ್ತು. ಚಕ್ರವರ್ತಿಯಾದ ಅಣ್ಣನೇ ಬಂದು ತಮ್ಮನನ್ನು ಪೂಜಿಸಿದಾಗ ಆ ಮುಳ್ಳು ಕಳಚಿತು.

ಒಂದು ಕಥೆಯಲ್ಲಿ ಬಾಗುವ ಸಂಕಲ್ಪ ಬಿಡುಗಡೆ ನೀಡಿತು. ಇನ್ನೊಂದರಲ್ಲಿ ಬಾಗಿದವನ ವಂದನೆ, ಅದನ್ನು ಪಡೆದವನಿಗೆ ಬಿಡುಗಡೆಯಾಯಿತು. ಹಿರಿಯರ ಪಾದ ಮುಟ್ಟಿ ನಮಸ್ಕರಿಸುವ ನಮ್ಮ ರೂಢಿಯ ಅರ್ಥ ಈ ಎರಡರಲ್ಲೂ ಅಡಗಿದೆ.

ವಿನಯವನ್ನು ಜೈನ ಶಾಸ್ತ್ರವು ಬರಿಯ ಶಿಷ್ಟಾಚಾರವೆಂದು ಎಣಿಸದೆ, ಆರು ಅಂತರಂಗ ತಪಗಳಲ್ಲಿ ಒಂದಾಗಿ ಪರಿಗಣಿಸಿದೆ. ಜ್ಞಾನ, ದರ್ಶನ, ಚಾರಿತ್ರ ಮತ್ತು ಉಪಚಾರ ಎಂಬ ಅದರ ನಾಲ್ಕು ಭೇದಗಳಲ್ಲಿ ಎದ್ದು ನಿಲ್ಲುವುದು, ಕೈಮುಗಿಯುವುದು, ವಂದಿಸುವುದು ಉಪಚಾರವಿನಯಕ್ಕೆ ಸೇರುತ್ತವೆ. ಉಪವಾಸದಲ್ಲಿ ದೇಹ ಬಳಲುವಂತೆ ಇಲ್ಲಿ ಮಾನಕಷಾಯ ಬಳಲುತ್ತದೆ. ಸ್ಪರ್ಶವೇ ಇದರ ಸಾರವಲ್ಲ. ಆರ್ಯಿಕೆಯರು ಆಚಾರ್ಯರನ್ನು ಐದು ಕೈಯಳತೆಯ ದೂರದಿಂದ, ಉಪಾಧ್ಯಾಯರನ್ನು ಆರು, ಸಾಧುಗಳನ್ನು ಏಳು ಕೈಯಳತೆಯ ದೂರದಿಂದ ವಂದಿಸಬೇಕೆಂದು ಮೂಲಾಚಾರ ವಿಧಿಸುತ್ತದೆ. ದೂರವಿದ್ದರೂ ಆ ವಂದನೆ ಪೂರ್ಣವೇ. ಮೊಣಕಾಲು ನೋವಿನವರು ನಿಂತಲ್ಲೇ ಕೈಮುಗಿದರೂ ಕೊರತೆಯಿಲ್ಲ.

ಬಾಗುವವನಿಗಿಂತ ವಂದನೆ ಪಡೆಯುವವನ ಅಪಾಯ ದೊಡ್ಡದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸುವ ಎಂಟು ಮದಗಳಲ್ಲಿ ಜ್ಞಾನಮದದ ಬೆನ್ನಿಗೇ ಬರುವುದು ಪೂಜಾಮದ, ಅಂದರೆ ಜನರು ತನ್ನನ್ನು ಗೌರವಿಸುತ್ತಾರೆಂಬ ಗರ್ವ. ಯಾರು ಕಾಲಿಗೆರಗಿದರು, ಯಾರು ಎರಗಲಿಲ್ಲ ಎಂದು ಮನಸ್ಸು ಲೆಕ್ಕವಿಡಲು ತೊಡಗಿತೆಂದರೆ ಆ ಮದ ಒಳಹೊಕ್ಕಿತೆಂದೇ ತಿಳಿಯಬೇಕು.

ಮುನಿಗಳು ಇದನ್ನು ದಾಟುವ ಬಗೆಯನ್ನು ನೋಡಿ. ಶ್ರಾವಕನು ‘ನಮೋಸ್ತು’ ಎಂದು ಎರಗಿದಾಗ ಅವರು ಪಿಂಛಿಯೆತ್ತಿ ‘ಸದ್ಧರ್ಮವೃದ್ಧಿರಸ್ತು’ ಎಂದು ಹರಸುತ್ತಾರೆ. ತಮ್ಮತ್ತ ಬಂದ ಗೌರವವನ್ನು ತಮ್ಮಲ್ಲಿ ಇರಿಸಿಕೊಳ್ಳದೆ, ಎರಗಿದವನ ಧರ್ಮದ ಏಳಿಗೆಯತ್ತ ಹೊರಳಿಸುತ್ತಾರೆ. ಗೃಹಸ್ಥ ಹಿರಿಯರಿಗೂ ಇದೇ ಮಾದರಿ.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಿದೆಯೆನ್ನೋಣ. ಜಮೀನಿನ ವ್ಯಾಜ್ಯದಿಂದ ಮೂರು ವರ್ಷ ಮಾತು ಬಿಟ್ಟಿದ್ದ ತಮ್ಮನ ಮಗ ದೊಡ್ಡಪ್ಪನ ಮನೆಗೆ ಬಂದು ಪಾದಕ್ಕೆ ಕೈ ನೀಡುತ್ತಾನೆ. ಆಗ ದೊಡ್ಡಪ್ಪ ಮೂರು ಬಗೆಯಲ್ಲಿ ತಪ್ಪಬಹುದು. ಕಾಲು ಹಿಂದೆಳೆದುಕೊಂಡರೆ ಅದು ದ್ವೇಷ. ‘ಈಗಲಾದರೂ ಬುದ್ಧಿ ಬಂತಲ್ಲ’ ಎಂದರೆ ಅದು ಗೆದ್ದೆನೆಂಬ ಗರ್ವ. ‘ಬೇಡ, ಬೇಡ’ ಎಂದು ಅವನ ಕೈಯನ್ನು ಅರ್ಧದಲ್ಲೇ ತಡೆದರೆ ಅದು ನಮ್ರತೆಯಂತೆ ಕಂಡರೂ, ಕಷ್ಟಪಟ್ಟು ಬಾಗಿದವನು ಬರಿಗೈಯಲ್ಲಿ ಮರಳುತ್ತಾನೆ.

ಸರಿಯಾದ ಸ್ವೀಕಾರ ಸರಳವಾದುದು. ಕೈಯಲ್ಲಿನ ಪತ್ರಿಕೆಯನ್ನೋ ಮೊಬೈಲನ್ನೋ ಬದಿಗಿರಿಸಿ, ಕಾಲ ಮೇಲಿನ ಕಾಲನ್ನು ಇಳಿಸಿ ನೆಟ್ಟಗೆ ಕುಳಿತುಕೊಳ್ಳಬೇಕು. ಅವನು ಪೂರ್ತಿ ಬಾಗಲು ಬಿಟ್ಟು, ತಲೆಯ ಮೇಲೆ ಕೈಯಿರಿಸಿ, ಹೆಸರು ಹಿಡಿದು ಹರಸಬೇಕು. ‘ನಿನಗೆ ಧರ್ಮಬುದ್ಧಿ ಬೆಳೆಯಲಪ್ಪ. ನನ್ನಿಂದಲೂ ನಿನಗೆ ನೋವಾಗಿದೆ, ಕ್ಷಮಿಸು’ ಎಂಬ ಎರಡು ಮಾತು ಸಾಕು. ವ್ಯಾಜ್ಯದ ಮಾತನ್ನು ಆ ಹೊತ್ತಿನಲ್ಲಿ ಎತ್ತಬಾರದು. ಜಮೀನಿನ ಗಡಿ ಅದರಿಂದ ಇತ್ಯರ್ಥವಾಗದು. ಆದರೆ ಅದನ್ನು ಕುರಿತು ಒಟ್ಟಿಗೆ ಕುಳಿತು ಮಾತನಾಡಬಲ್ಲ ಇಬ್ಬರು ಆ ಮನೆಯಲ್ಲಿರುತ್ತಾರೆ.

ಕಿರಿಯರೂ ಹೊತ್ತನ್ನರಿತು ಬಾಗಬೇಕು. ಹಿರಿಯರು ಸಾಮಾಯಿಕದಲ್ಲಿರುವಾಗ, ಉಣ್ಣುತ್ತಿರುವಾಗ, ಮಲಗಿರುವಾಗ ಕಾದು ನಿಲ್ಲುವುದೂ ವಿನಯವೇ. ಒತ್ತಾಯಕ್ಕೆ ಬಾಗಿದ ಬೆನ್ನಿನಲ್ಲಿ ಮಾನಕಷಾಯ ಬಾಗದೆ ಉಳಿಯುತ್ತದೆ. ಆದ್ದರಿಂದ ಹಿರಿಯರು ವಂದನೆಯನ್ನು ಕೇಳಿ ಪಡೆಯಬಾರದು.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಭದ್ರಬಾಹು ಗುಹೆಯೊಳಗೆ ಭಕ್ತರು ಪೂಜಿಸುವುದು ಕಲ್ಲಿನಲ್ಲಿ ಕೊರೆದ ಪಾದಗಳನ್ನು. ನಡೆದ ದಾರಿಯ ಗುರುತಾಗಿಯೇ ಆ ಪಾದಗಳಿಗೆ ಪೂಜ್ಯತೆ. ನಮ್ಮ ಪಾದಕ್ಕೆ ಯಾರಾದರೂ ಎರಗಿದಾಗ, ಅವು ಯಾವ ದಾರಿಯಲ್ಲಿ ನಡೆದಿವೆಯೆಂದು ಒಮ್ಮೆ ನೆನೆದರೆ, ಹರಸುವ ಕೈ ತಾನಾಗಿಯೇ ಮೃದುವಾಗುತ್ತದೆ.